ಕೋಪವನ್ನು ಕಳೆದು ಬೇಡಿಕೆಯನ್ನು ಉಳಿಸುವುದು: ಗ್ರಾಹಕರ ದೂರುಪತ್ರವೊಂದರ ಪರಿಷ್ಕರಣೆಯಲ್ಲಿ ಕನ್ನಡದ ವಿಧ್ಯರ್ಥ ರೂಪಗಳು

1. ಪ್ರಸ್ತಾವನೆ

ಕೋಪದಲ್ಲಿ ಬರೆದ ದೂರುಪತ್ರವನ್ನು ಸಭ್ಯ ಭಾಷೆಗೆ ತಿದ್ದುವವರು ಸಾಮಾನ್ಯವಾಗಿ ಮೊದಲು ಕಠೋರವಾದ ಪದಗಳನ್ನು ತೆಗೆಯುತ್ತಾರೆ, ಅನಂತರ ಆಜ್ಞೆಗಳನ್ನು ಕೋರಿಕೆಗಳನ್ನಾಗಿ ಬದಲಿಸುತ್ತಾರೆ. ಹೀಗೆ ಸಿದ್ಧವಾದ ಪತ್ರ ಓದಲು ಹಿತವಾಗಿರುತ್ತದೆ. ಆದರೆ ಮೂಲ ಪತ್ರ ಕೇಳಿದ್ದ ಕೆಲವು ಸಂಗತಿಗಳು ಅದರಲ್ಲಿ ಉಳಿದಿರುವುದಿಲ್ಲ. ಈ ನಷ್ಟ ಎಲ್ಲಿ, ಯಾವ ವ್ಯಾಕರಣಾಂಶದ ಮೂಲಕ ಉಂಟಾಗುತ್ತದೆ ಎಂಬುದನ್ನು ಒಂದು ಕನ್ನಡ ಮಿಂಚಂಚೆಯನ್ನು ಮುಂದಿಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶ.

ಸರ್ಲ್ 1976ರಲ್ಲಿ ಮಾಡಿದ ವಾಕ್‌ಕ್ರಿಯೆಗಳ ವರ್ಗೀಕರಣವನ್ನು ಅನುಸರಿಸಿದರೆ ದೂರುಪತ್ರದಲ್ಲಿ ಮೂರು ಬಗೆಯ ಕ್ರಿಯೆಗಳು ಹೆಣೆದುಕೊಂಡಿರುತ್ತವೆ. ಅಸಮಾಧಾನವನ್ನು ತೋಡಿಕೊಳ್ಳುವ ಅಭಿವ್ಯಂಜಕ ಕ್ರಿಯೆ, ಕೇಳುಗನಿಂದ ಒಂದು ಕೆಲಸವನ್ನು ಅಪೇಕ್ಷಿಸುವ ನಿರ್ದೇಶಕ ಕ್ರಿಯೆ, ಕೆಲಸ ಆಗದಿದ್ದರೆ ತಾನೇನು ಮಾಡುವೆನೆಂದು ಹೇಳುವ ಬದ್ಧತಾ ಕ್ರಿಯೆ, ಇವೇ ಆ ಮೂರು. ಪರಿಷ್ಕರಣಕಾರನು ಮೊದಲನೆಯದನ್ನು ತಗ್ಗಿಸಿ ಉಳಿದೆರಡನ್ನು ಹಾಗೆಯೇ ಇರಿಸಬೇಕು. ಮೂರೂ ಬೇರೆ ಬೇರೆ ವಾಕ್ಯಗಳಲ್ಲಿ ಇದ್ದಿದ್ದರೆ ಈ ಕೆಲಸ ಸುಲಭವಾಗಿರುತ್ತಿತ್ತು. ಕೋಪದ ಬರಹದಲ್ಲಿ ಅವು ಒಂದೇ ವಾಕ್ಯದಲ್ಲಿ, ಎಷ್ಟೋ ಸಲ ಒಂದೇ ಕ್ರಿಯಾಪದದಲ್ಲಿ ಕೂಡಿಕೊಂಡಿರುತ್ತವೆ.

2. ಮೂಲ ಪತ್ರ ಮತ್ತು ಅದರ ಬೇಡಿಕೆಗಳು

ಕೆಳಗಿನ ಪತ್ರವನ್ನು ವಿಶ್ಲೇಷಣೆಗಾಗಿ ನಾವೇ ರಚಿಸಿಕೊಂಡಿದ್ದೇವೆ. ಗೃಹೋಪಕರಣ ಮಾರುವ ಸಂಸ್ಥೆಯೊಂದಕ್ಕೆ 2024ರ ಮಾರ್ಚ್ 4ರ ಸೋಮವಾರ ಇದನ್ನು ಕಳುಹಿಸಲಾಗುತ್ತಿದೆ ಎಂದು ಇಟ್ಟುಕೊಳ್ಳೋಣ. ಉಲ್ಲೇಖದ ಅನುಕೂಲಕ್ಕಾಗಿ ವಾಕ್ಯಗಳಿಗೆ ಸಂಖ್ಯೆ ಕೊಟ್ಟಿದ್ದೇವೆ.

(1) ನೀವು ಮಾರುವುದು ಫ್ರಿಜ್ಜೋ ತಗಡಿನ ಡಬ್ಬವೋ?
(2) ತಂದು ಹಾಕಿ ಮೂರು ವಾರ ಆಯಿತು, ಒಂದು ದಿನವಾದರೂ ನೆಟ್ಟಗೆ ತಣ್ಣಗಾಗಿಲ್ಲ.
(3) ಎರಡು ಸಲ ಯಾರನ್ನೋ ಕಳಿಸಿದಿರಿ. ಅವನು ಬಾಗಿಲು ತೆಗೆದು ಹಾಕಿ ನೋಡಿ, ಎರಡನೇ ಸಲ 850 ರೂಪಾಯಿ ಕಿತ್ತುಕೊಂಡು ಹೋದ.
(4) ವಾರಂಟಿ ಇರುವಾಗ ಆ ಹಣ ಯಾವ ಲೆಕ್ಕಕ್ಕೆ, ದಾನಕ್ಕೋ?
(5) ಫೋನ್ ಮಾಡಿದರೆ ಒಬ್ಬೊಬ್ಬರದು ಒಂದೊಂದು ಕಥೆ. ಜವಾಬ್ದಾರಿ ಹೊರುವ ಮನುಷ್ಯ ಅಂತ ಒಬ್ಬನಾದರೂ ನಿಮ್ಮಲ್ಲಿ ಇದ್ದಾನೋ ಇಲ್ಲವೋ?
(6) ಈ ಡಬ್ಬವನ್ನು ಹೊತ್ತುಕೊಂಡು ಹೋಗಿ ಹೊಸದು ಕೊಡಿ, ಆಗಲ್ಲ ಅಂದರೆ ನನ್ನ 28,500 ರೂಪಾಯಿ ಬಿಸಾಕಿ.
(7) ಈ ವಾರದೊಳಗೆ ಆಗದಿದ್ದರೆ ಗ್ರಾಹಕರ ಕೋರ್ಟಿಗೆ ಎಳೆಯದೆ ಬಿಡುವುದಿಲ್ಲ.
(8) ಇನ್ನೊಂದು ಸಲ ಆ ಮನುಷ್ಯನನ್ನು ನಮ್ಮ ಮನೆ ಬಾಗಿಲಿಗೆ ಕಳಿಸಿದರೆ ನೋಡಿ!

ಇಲ್ಲಿ ವಿಧ್ಯರ್ಥಕ ಕ್ರಿಯಾಪದಗಳು ನಾಲ್ಕೇ: ‘ಹೋಗಿ’, ‘ಕೊಡಿ’, ‘ಬಿಸಾಕಿ’, ‘ನೋಡಿ’. ಕೊನೆಯದು ಬೆದರಿಕೆಯ ರೂಢಿಯ ನುಡಿ, ಅದನ್ನು ಬೇಡಿಕೆಯೆಂದು ಎಣಿಸಲಾಗದು. ಆದರೂ ಪತ್ರ ಆರು ಸಂಗತಿಗಳನ್ನು ಕೇಳುತ್ತದೆ. ಒಂದು, ಫ್ರಿಜ್ಜನ್ನು ಬದಲಾಯಿಸಬೇಕು, ಅದು ಆಗದಿದ್ದರೆ ಪೂರ್ತಿ ಬೆಲೆಯನ್ನು ಮರಳಿಸಬೇಕು. ಎರಡು, ಕೆಟ್ಟ ಫ್ರಿಜ್ಜನ್ನು ಸಂಸ್ಥೆಯೇ ಸಾಗಿಸಿಕೊಳ್ಳಬೇಕು. ಮೂರು, 850 ರೂಪಾಯಿ ಹಿಂದಿರುಗಿಸಬೇಕು. ನಾಲ್ಕು, ಈ ವಿಷಯಕ್ಕೆ ಹೊಣೆಯಾದ ಒಬ್ಬ ವ್ಯಕ್ತಿಯನ್ನು ಗೊತ್ತುಪಡಿಸಬೇಕು. ಐದು, ಎಲ್ಲವೂ ವಾರದೊಳಗೆ ಆಗಬೇಕು. ಆರು, ಅದೇ ತಂತ್ರಜ್ಞನನ್ನು ಮತ್ತೆ ಕಳುಹಿಸಬಾರದು. ಇವುಗಳಲ್ಲಿ ಮೊದಲೆರಡು ಮಾತ್ರ ವಿಧ್ಯರ್ಥ ರೂಪದಲ್ಲಿ ಬಂದಿವೆ. ಮೂರನೆಯದೂ ನಾಲ್ಕನೆಯದೂ ಪ್ರಶ್ನೆಯ ವೇಷದಲ್ಲಿವೆ, ಐದನೆಯದು ಷರತ್ತಿನ ಉಪವಾಕ್ಯದಲ್ಲಿದೆ, ಆರನೆಯದು ಅರ್ಧಕ್ಕೆ ನಿಂತ ಬೆದರಿಕೆಯಲ್ಲಿದೆ.

ನಷ್ಟದ ಮೊದಲ ಕಾರಣ ಇಲ್ಲಿಯೇ ಕಾಣುತ್ತದೆ. ಪತ್ರದ ಅತಿ ಒರಟಾದ ವಾಕ್ಯಗಳು ಯಾವುವೆಂದು ಕೇಳಿದರೆ ಓದುಗರು (1), (4), (5), (8) ಎನ್ನುತ್ತಾರೆ. ತಿದ್ದುವವನು ಮೊದಲು ಅಳಿಸುವುದೂ ಇವನ್ನೇ. (1)ನ್ನು ಅಳಿಸಿದರೆ ಏನೂ ಹೋಗುವುದಿಲ್ಲ, ಏಕೆಂದರೆ ಅದರ ಪ್ರತಿಪಾದನೆ (2)ರಲ್ಲಿ ಇದೆ. ಉಳಿದ ಮೂರನ್ನು ಅಳಿಸಿದರೆ ಮೂರು ಬೇಡಿಕೆಗಳು ಅಳಿಸಿಹೋಗುತ್ತವೆ.

3. ಪ್ರಶ್ನೆಯೊಳಗಿನ ಬೇಡಿಕೆ

ಆಲಂಕಾರಿಕ ಪ್ರಶ್ನೆ ಉತ್ತರವನ್ನು ಬಯಸುವುದಿಲ್ಲ, ತನ್ನ ವಿರುದ್ಧ ಧ್ರುವದ ಹೇಳಿಕೆಯನ್ನು ಸ್ಥಾಪಿಸುತ್ತದೆ. ‘ಆ ಹಣ ಯಾವ ಲೆಕ್ಕಕ್ಕೆ, ದಾನಕ್ಕೋ?’ ಎಂಬುದು ‘ಆ ಹಣ ಯಾವ ಲೆಕ್ಕಕ್ಕೂ ಸಲ್ಲುವುದಲ್ಲ’ ಎಂಬ ಹೇಳಿಕೆ. ಕೊನೆಯ ‘-ಓ’ ಪ್ರತ್ಯಯ ಒಪ್ಪಲಾಗದ ಪರ್ಯಾಯವೊಂದನ್ನು ಮುಂದಿಟ್ಟು ಮಿಕ್ಕ ಪರ್ಯಾಯಗಳೂ ಇಲ್ಲವೆಂದು ಸೂಚಿಸುತ್ತದೆ. ಈ ಹೇಳಿಕೆಯಿಂದ ಬೇಡಿಕೆಗೆ ಇನ್ನೂ ಒಂದು ಹೆಜ್ಜೆ ಇದೆ: ಸಲ್ಲದ ಹಣವಾದ್ದರಿಂದ ಅದನ್ನು ಹಿಂದಿರುಗಿಸಬೇಕು. ಕೋಪದ ಓದಿನಲ್ಲಿ ಓದುಗ ಈ ಎರಡು ಹೆಜ್ಜೆಗಳನ್ನೂ ತಾನೇ ಇಡುತ್ತಾನೆ, ಏಕೆಂದರೆ ಪ್ರಶ್ನೆಯ ಒರಟುತನವೇ ಅವನನ್ನು ಅತ್ತ ತಳ್ಳುತ್ತದೆ.

ಪರಿಷ್ಕರಣೆಯಲ್ಲಿ ಒರಟುತನ ಹೋದಾಗ ಆ ತಳ್ಳಿಕೆಯೂ ಹೋಗುತ್ತದೆ. ಎರಡು ಹೆಜ್ಜೆಗಳಲ್ಲಿ ಒಂದನ್ನು ಮಾತ್ರ ಇಡುವುದು ಇಲ್ಲಿ ಸಾಮಾನ್ಯವಾಗಿ ಕಾಣುವ ದೋಷ:

(9) ವಾರಂಟಿ ಅವಧಿಯಲ್ಲಿದ್ದರೂ 850 ರೂಪಾಯಿ ಶುಲ್ಕ ಪಡೆದಿರುವುದು ಬೇಸರದ ಸಂಗತಿ.

ಈ ವಾಕ್ಯ ಸಭ್ಯವಾಗಿದೆ, ಸತ್ಯವೂ ಆಗಿದೆ. ಆದರೆ ಇದಕ್ಕೆ ‘ನಿಮಗಾದ ಬೇಸರಕ್ಕೆ ವಿಷಾದಿಸುತ್ತೇವೆ’ ಎಂಬುದು ಸಂಪೂರ್ಣವಾದ ಉತ್ತರವಾಗುತ್ತದೆ. ಹಣ ಕೇಳಿದ್ದ ವಾಕ್ಯ ಈಗ ಸಹಾನುಭೂತಿಯನ್ನು ಕೇಳುತ್ತಿದೆ. ಎರಡೂ ಹೆಜ್ಜೆಗಳನ್ನು ಬರಹಕ್ಕೆ ತಂದರೆ ವಾಕ್ಯ ಹೀಗಾಗುತ್ತದೆ:

(10) ವಾರಂಟಿ ಅವಧಿಯಲ್ಲಿ ಪಡೆಯಬಾರದಾಗಿದ್ದ 850 ರೂಪಾಯಿ ಶುಲ್ಕವನ್ನು ನಿಮ್ಮ ಸಂಸ್ಥೆಯು ನನಗೆ ಹಿಂದಿರುಗಿಸಬೇಕು.

‘ಪಡೆಯಬಾರದಾಗಿದ್ದ’ ಎಂಬ ವಿಶೇಷಣ ಇಲ್ಲಿ ಎರಡು ಕೆಲಸ ಮಾಡುತ್ತದೆ. ಮೂಲದ ‘ಕಿತ್ತುಕೊಂಡು ಹೋದ’ ಎಂಬ ಕ್ರಿಯಾಪದದಲ್ಲಿ ಹಣ ಕೈಬದಲಾದ ಸಂಗತಿಯೂ ಅದು ಅನ್ಯಾಯವೆಂಬ ಆರೋಪವೂ ಸೇರಿದ್ದವು. ‘ಪಡೆದರು’ ಎಂದು ಬದಲಿಸಿದರೆ ಸಂಗತಿ ಉಳಿದು ಆರೋಪ ಜಾರುತ್ತದೆ. ಪದದಲ್ಲಿ ಅಡಗಿದ್ದ ಆರೋಪವನ್ನು ಹೊರತೆಗೆದು, ಸುಳ್ಳೋ ನಿಜವೋ ಎಂದು ಪರೀಕ್ಷಿಸಬಹುದಾದ ಪ್ರತಿಪಾದನೆಯನ್ನಾಗಿ ಬರೆದುದರಿಂದ ಬೈಗುಳ ಹೋಗಿ ವಾದ ಉಳಿಯಿತು.

(5)ಕ್ಕೂ ಇದೇ ಕ್ರಮ ಅನ್ವಯಿಸುತ್ತದೆ. ‘ಜವಾಬ್ದಾರಿ ಹೊರುವ ಮನುಷ್ಯ ಒಬ್ಬನಾದರೂ ಇದ್ದಾನೋ ಇಲ್ಲವೋ’ ಎಂಬುದರ ಹೇಳಿಕೆ ‘ಹೊಣೆ ಹೊತ್ತವರು ಯಾರೂ ನನಗೆ ಸಿಗುತ್ತಿಲ್ಲ’ ಎಂಬುದು. ಬೇಡಿಕೆ ‘ಒಬ್ಬರನ್ನು ಗೊತ್ತುಪಡಿಸಿ’ ಎಂಬುದು.

4. ‘ಬೇಕು’ ಎಂಬ ರೂಪ ಮತ್ತು ಕಣ್ಮರೆಯಾಗುವ ಕರ್ತೃ

ನೇರವಾಗಿ ಬಂದ ಬೇಡಿಕೆಗಳಿಗೂ ಅಪಾಯವಿದೆ. ‘ಹೊಸದು ಕೊಡಿ’ ಎಂಬಲ್ಲಿ ‘-ಇ’ ಪ್ರತ್ಯಯ ಮಧ್ಯಮ ಪುರುಷ ಬಹುವಚನವನ್ನು ಸೂಚಿಸುತ್ತದೆ. ‘ನೀವು’ ಎಂಬ ಪದ ಇಲ್ಲದಿದ್ದರೂ ಕೊಡಬೇಕಾದವರು ಯಾರೆಂಬುದು ಕ್ರಿಯಾಪದದಲ್ಲೇ ಇದೆ. ಇದನ್ನು ಗಂಭೀರ ಬರಹಕ್ಕೆ ಹೊಂದಿಸಲು ‘ಕೊಡಬೇಕು’ ಎನ್ನುತ್ತೇವೆ. ‘ಬೇಕು’ ಪುರುಷ, ಲಿಂಗ, ವಚನಗಳಿಗೆ ತಕ್ಕಂತೆ ಬದಲಾಗದ ಅಪೂರ್ಣ ಕ್ರಿಯಾಪದ. ಹೀಗಾಗಿ ‘ಹೊಸದನ್ನು ಕೊಡಬೇಕು’ ಎಂಬ ವಾಕ್ಯದಲ್ಲಿ ಕೊಡಬೇಕಾದವರು ಮಾರಾಟಗಾರರೋ, ತಯಾರಕರೋ, ಸೇವಾಕೇಂದ್ರವೋ ಎಂಬುದಕ್ಕೆ ರೂಪದಲ್ಲಿ ಯಾವ ಗುರುತೂ ಇಲ್ಲ. ಈ ಮೂವರ ನಡುವೆ ಹೊಣೆ ಒಬ್ಬರಿಂದ ಒಬ್ಬರಿಗೆ ಸರಿಯುವ ವ್ಯವಹಾರದಲ್ಲಿ ಈ ಲೋಪ ಸಣ್ಣದಲ್ಲ. ‘ಕೊಡಿ’ಯನ್ನು ‘ಕೊಡಬೇಕು’ ಎಂದು ತಿದ್ದಿದಾಗಲೆಲ್ಲ ಪ್ರತ್ಯಯ ಹೊತ್ತಿದ್ದ ಕರ್ತೃವನ್ನು ನಾಮಪದವಾಗಿ ಮರಳಿ ತರಬೇಕಾಗುತ್ತದೆ. (10)ರಲ್ಲಿ ‘ನಿಮ್ಮ ಸಂಸ್ಥೆಯು’ ಎಂದು ಸೇರಿಸಿದ್ದು ಈ ಕಾರಣಕ್ಕೆ. ‘ಹಣವನ್ನು ಹಿಂದಿರುಗಿಸಲಾಗಬೇಕು’ ಎಂಬಂಥ ಕರ್ಮಣಿ ಛಾಯೆಯ ರಚನೆಗಳಲ್ಲಿ ಕರ್ತೃವಿಗೆ ಸ್ಥಾನವೇ ಉಳಿಯುವುದಿಲ್ಲವಾದ್ದರಿಂದ ಬೇಡಿಕೆಯ ವಾಕ್ಯಗಳಲ್ಲಿ ಅವು ಸಲ್ಲವು. ಆಗಿಹೋದ ಲೋಪವನ್ನು ಹೇಳುವಲ್ಲಿ ಅವು ಉಪಯುಕ್ತ: ‘ಫೋನಿನಲ್ಲಿ ಒಂದೊಂದು ಬಾರಿ ಒಂದೊಂದು ಉತ್ತರ ನೀಡಲಾಗಿದೆ’ ಎಂದಾಗ ಉತ್ತರಿಸಿದ ನೌಕರರ ಮೇಲೆ ಬೆರಳು ತೋರಿಸದೆ ಸಂಗತಿಯನ್ನು ದಾಖಲಿಸಿದಂತಾಗುತ್ತದೆ.

ಇನ್ನು ಬಲದ ಪ್ರಶ್ನೆ. ಒಂದೇ ಬೇಡಿಕೆಯನ್ನು ಕನ್ನಡದಲ್ಲಿ ಹಲವು ಮೆಟ್ಟಿಲುಗಳಲ್ಲಿ ಇಳಿಸಬಹುದು:

(11) ಬದಲಾಯಿಸತಕ್ಕದ್ದು.
(12) ಬದಲಾಯಿಸಿಕೊಡಬೇಕು.
(13) ಬದಲಾಯಿಸಿಕೊಡಬೇಕೆಂದು ಕೋರುತ್ತೇನೆ.
(14) ಬದಲಾಯಿಸಿಕೊಡುವಂತೆ ಕೋರುತ್ತೇನೆ.
(15) ಬದಲಾಯಿಸಿಕೊಟ್ಟರೆ ಉಪಕಾರವಾಗುತ್ತದೆ.
(16) ಬದಲಾಯಿಸಿಕೊಡಲು ಸಾಧ್ಯವೇ?

ಎಲ್ಲಿಯವರೆಗೆ ಇಳಿದರೆ ಬೇಡಿಕೆ ಬೇಡಿಕೆಯಾಗಿಯೇ ಉಳಿಯುತ್ತದೆ? ಇದಕ್ಕೆ ನಾವು ಬಳಸುವ ಪರೀಕ್ಷೆ ಸರಳವಾದುದು. ಎದುರಿನವರು ಬೇಡಿಕೆಯನ್ನು ಈಡೇರಿಸದೆಯೂ, ನಿರಾಕರಿಸದೆಯೂ ಸಹಕಾರಪೂರ್ಣವಾದ ಉತ್ತರ ಕೊಡಬಲ್ಲರೇ ಎಂದು ನೋಡುವುದು. (16)ಕ್ಕೆ ‘ಸದ್ಯಕ್ಕೆ ಸಾಧ್ಯವಿಲ್ಲ’ ಎಂಬುದು ಕೇಳಿದ್ದಕ್ಕೆ ಕೊಟ್ಟ ನೇರ ಉತ್ತರ, ಮಾತು ಅಲ್ಲಿಗೆ ಮುಗಿಯುತ್ತದೆ. (15) ಬದಲಾವಣೆಯನ್ನು ಉಪಕಾರವೆಂದು ಹೆಸರಿಸಿಬಿಟ್ಟಿದೆ, ಉಪಕಾರ ಮಾಡದಿರುವುದು ತಪ್ಪಾಗುವುದಿಲ್ಲ. (12) ಮತ್ತು (13)ಕ್ಕೆ ಮಾತ್ರ ‘ಇಲ್ಲ’ ಎಂದರೆ ಅದು ಸ್ಪಷ್ಟವಾದ ನಿರಾಕರಣೆಯಾಗುತ್ತದೆ ಮತ್ತು ನಿರಾಕರಿಸಿದವರು ಕಾರಣ ಕೊಡಬೇಕಾಗುತ್ತದೆ.

(13) ಮತ್ತು (14)ರ ನಡುವಿನ ಅಂತರ ಸೂಕ್ಷ್ಮವಾದುದು. ಎರಡರಲ್ಲಿಯೂ ‘ಕೋರುತ್ತೇನೆ’ ಇದೆ. (13)ರಲ್ಲಿ ಕೋರಿಕೆಯ ವಿಷಯವೇ ಒಂದು ಕರ್ತವ್ಯ, ‘ಎಂದು’ ಎಂಬುದರ ಒಳಗೆ ‘ಬೇಕು’ ಹಾಗೆಯೇ ಉಳಿದಿದೆ. (14)ರಲ್ಲಿ ‘-ಅಂತೆ’ ರೂಪಕ್ಕೆ ತನ್ನದೇ ಆದ ಕರ್ತವ್ಯದ ಅರ್ಥವಿಲ್ಲ, ವಾಕ್ಯದ ಬಲವೆಲ್ಲ ‘ಕೋರು’ ಎಂಬ ಒಂದೇ ಕ್ರಿಯಾಪದದ ಮೇಲೆ ನಿಂತಿದೆ. ಹೀಗಾಗಿ (13) ಸೌಜನ್ಯವನ್ನು ಹೊರಗಿನ ಕವಚದಲ್ಲಿ ಇರಿಸಿ ಬೇಡಿಕೆಯನ್ನು ತಿರುಳಿನಲ್ಲಿ ಕಾಪಾಡುತ್ತದೆ. (11)ರ ‘ತಕ್ಕದ್ದು’ ಬಲದಲ್ಲಿ ಕಡಿಮೆಯದಲ್ಲ, ಆದರೆ ಅದು ನಿಯಮಾವಳಿಯ ಮಾತು. ಗ್ರಾಹಕನೊಬ್ಬ ಅದನ್ನು ಬಳಸಿದರೆ ತನಗಿಲ್ಲದ ಅಧಿಕಾರವನ್ನು ತೋರಿಸಿದಂತಾಗುತ್ತದೆ.

ಸಹಾಯಕ ಕ್ರಿಯಾಪದ ‘-ಕೊಡು’ ಇಲ್ಲಿ ನೆರವಿಗೆ ಬರುತ್ತದೆ. ‘ಬದಲಾಯಿಸಿ’ ಎಂಬುದಕ್ಕಿಂತ ‘ಬದಲಾಯಿಸಿಕೊಡಿ’ ಮೃದು, ಏಕೆಂದರೆ ಅದು ಕೆಲಸವನ್ನು ಕೇಳುವವರ ಹಿತಕ್ಕಾಗಿ ಮಾಡುವ ಸಹಾಯವೆಂದು ಚಿತ್ರಿಸುತ್ತದೆ. ಅದಕ್ಕೆ ‘ಬೇಕು’ ಸೇರಿದಾಗ ಮೃದುತ್ವ ಉಳಿದುಕೊಂಡು ಕರ್ತವ್ಯವೂ ಉಳಿಯುತ್ತದೆ. ‘ದಯವಿಟ್ಟು’ ಎಂಬ ಪದದ ವಿಚಾರ ಬೇರೆ. ಅದು ಕೇಳುಗನ ದಯೆಯನ್ನು ಆಶ್ರಯಿಸುತ್ತದೆ, ಹಕ್ಕಿನ ಹಣವನ್ನು ಕೇಳುವಲ್ಲಿ ಆಶ್ರಯಿಸಬೇಕಾದದ್ದು ದಯೆಯನ್ನಲ್ಲ. ಪತ್ರದಲ್ಲಿ ಅದನ್ನು ಒಮ್ಮೆ ಮಾತ್ರ, ಪತ್ರ ತಲುಪಿದ್ದನ್ನು ತಿಳಿಸಿ ಎನ್ನುವಂಥ ಕಡೆ ಬಳಸಿದರೆ ಸಾಕು.

5. ಗೌರವಸೂಚಕಗಳು ತರುವ ಸಂದಿಗ್ಧತೆ

ಬ್ರೌನ್ ಮತ್ತು ಲೆವಿನ್ಸನ್ ತಮ್ಮ ಸೌಜನ್ಯ ಸಿದ್ಧಾಂತಕ್ಕೆ ಆಧಾರವಾಗಿಸಿಕೊಂಡ ಮೂರು ಭಾಷೆಗಳಲ್ಲಿ ತಮಿಳೂ ಒಂದು. ಬಹುವಚನವನ್ನು ಗೌರವಕ್ಕಾಗಿ ಬಳಸುವ ದ್ರಾವಿಡ ಪದ್ಧತಿ ಆ ಚರ್ಚೆಯಲ್ಲಿ ಪರಿಚಿತವಾದದ್ದೇ. ಪರಿಷ್ಕರಣೆಯ ದೃಷ್ಟಿಯಿಂದ ಈ ಪದ್ಧತಿಗೆ ಒಂದು ಬೆಲೆ ಇದೆ. ಮೂಲದ (3)ರಲ್ಲಿ ‘ಅವನು… ಹೋದ’ ಎಂಬ ಏಕವಚನ ಅಗೌರವದ್ದಾದರೂ ಎರಡೂ ಬಾರಿ ಬಂದವನು ಒಬ್ಬನೇ ಎಂಬುದನ್ನು ಹೇಳುತ್ತಿತ್ತು. ‘ಅವರು… ಹೋದರು’ ಎಂದು ತಿದ್ದಿದಾಗ ಗೌರವದ ಏಕವಚನವೂ ನಿಜವಾದ ಬಹುವಚನವೂ ಒಂದೇ ರೂಪ ತಾಳುತ್ತವೆ. ಬಂದವರು ಇಬ್ಬರೆಂದು ಓದಿದವರಿಗೆ ‘ಆ ವ್ಯಕ್ತಿಯನ್ನು ಕಳುಹಿಸಬೇಡಿ’ ಎಂಬ ಆರನೆಯ ಬೇಡಿಕೆ ಯಾರ ಬಗ್ಗೆ ಎಂಬುದು ತಿಳಿಯದು. ‘ಎರಡೂ ಬಾರಿ ಬಂದ ತಂತ್ರಜ್ಞರೊಬ್ಬರೇ’ ಎಂದು ಸಂಖ್ಯೆಯನ್ನು ಪದದಲ್ಲಿ ಹೇಳಿದರೆ ಗೌರವವೂ ಗುರುತೂ ಉಳಿಯುತ್ತವೆ.

ಇನ್ನೊಂದು ಸಂದಿಗ್ಧತೆ ‘ತಾವು’ ಎಂಬುದರಿಂದ ಬರುತ್ತದೆ. ವಿನಯ ಹೆಚ್ಚಲೆಂದು ‘ನಿಮ್ಮ’ ಬದಲು ‘ತಮ್ಮ’ ಬಳಸುವುದುಂಟು. ‘ತಂತ್ರಜ್ಞರು ತಮ್ಮ ಖರ್ಚಿನಲ್ಲಿ ಫ್ರಿಜ್ಜನ್ನು ಒಯ್ಯಬೇಕು’ ಎಂದರೆ ಖರ್ಚು ಸಂಸ್ಥೆಯದೋ ತಂತ್ರಜ್ಞರದೋ? ‘ತಾವು’ ಗೌರವದ ಮಧ್ಯಮ ಪುರುಷವೂ ಹೌದು, ಪ್ರಥಮ ಪುರುಷದ ಆತ್ಮಾರ್ಥಕ ಸರ್ವನಾಮವೂ ಹೌದು. ‘ನೀವು’, ‘ನಿಮ್ಮ ಸಂಸ್ಥೆ’ ಎಂಬ ರೂಪಗಳು ಸಾಕಷ್ಟು ಸಭ್ಯವಾಗಿವೆ, ಅವುಗಳಲ್ಲಿ ಈ ಗೊಂದಲವಿಲ್ಲ.

6. ಗಡುವು ಮತ್ತು ಪರಿಣಾಮ

(7)ರಲ್ಲಿ ಒಂದು ಬೇಡಿಕೆಯೂ ಒಂದು ಬದ್ಧತೆಯೂ ಇವೆ. ಬೇಡಿಕೆಯ ಭಾಗವಾದ ‘ಈ ವಾರದೊಳಗೆ’ ಎಂಬುದು ನಿರ್ದೇಶಾತ್ಮಕ ಪದ, ಬರೆದ ದಿನಕ್ಕೆ ಒಂದು ಅರ್ಥ, ಓದಿದ ದಿನಕ್ಕೆ ಇನ್ನೊಂದು. ದಿನಾಂಕವನ್ನು ಕೊಡುವುದರಿಂದ ಗಡುವು ಕಠಿಣವಾಗುವುದಿಲ್ಲ, ಸ್ಥಿರವಾಗುತ್ತದೆ. ‘ಆದಷ್ಟು ಬೇಗ’ ಎಂದು ತಿದ್ದಿದರೆ ಐದನೆಯ ಬೇಡಿಕೆ ಹೋಯಿತೆಂದೇ ಅರ್ಥ.

‘ಎಳೆಯದೆ ಬಿಡುವುದಿಲ್ಲ’ ಎಂಬುದು ಎರಡು ನಿಷೇಧಗಳಿಂದ ಬಲಪಡೆದ ಬದ್ಧತೆ. ಇದನ್ನು ತಗ್ಗಿಸುವಾಗ ‘ದೂರು ಸಲ್ಲಿಸುವುದು ಅನಿವಾರ್ಯವಾದೀತು’ ಎಂಬ ಸಂಭಾವನಾರ್ಥಕ ರೂಪಕ್ಕೆ ಕೈ ಹೋಗುವುದು ಸಹಜ. ಆದರೆ ‘ಆದೀತು’ ಊಹೆಯನ್ನು ಹೇಳುತ್ತದೆ, ಆಗಲೂಬಹುದು ಆಗದಿರಲೂಬಹುದು. ‘ಸಲ್ಲಿಸಬೇಕಾಗುತ್ತದೆ’ ಎಂಬುದು ಸೂಕ್ತ. ಅದರಲ್ಲಿ ‘ನಾನು ಮಾಡಿಯೇ ತೀರುತ್ತೇನೆ’ ಎಂಬ ಹಠದ ಬದಲು ಪರಿಸ್ಥಿತಿಯ ಒತ್ತಾಯ ಮುಂದೆ ಬರುತ್ತದೆ, ಕ್ರಿಯೆ ಮಾತ್ರ ನಿಶ್ಚಿತವಾಗಿಯೇ ಉಳಿಯುತ್ತದೆ. ‘ಗ್ರಾಹಕರ ಕೋರ್ಟು’ ಎಂಬ ಆಡುಮಾತಿನ ಬದಲು ಸಂಸ್ಥೆಯ ಸರಿಯಾದ ಹೆಸರನ್ನು ಬರೆಯಬೇಕು. 1986ರ ಕಾಯಿದೆಯಲ್ಲಿ ಜಿಲ್ಲಾ ವೇದಿಕೆ ಎಂದಿದ್ದದ್ದು 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಜಿಲ್ಲಾ ಆಯೋಗವಾಗಿದೆ. ನಿಖರವಾದ ಹೆಸರು ಬೆದರಿಕೆಯನ್ನು ಮಾಹಿತಿಯನ್ನಾಗಿ ಬದಲಿಸುತ್ತದೆ, ಬರೆದವರು ದಾರಿ ತಿಳಿದವರು ಎಂಬುದನ್ನೂ ಸೂಚಿಸುತ್ತದೆ.

(8) ಮುಖ್ಯ ವಾಕ್ಯವಿಲ್ಲದ ಷರತ್ತು, ಏನಾಗುವುದೆಂದು ಹೇಳದೆ ನಿಲ್ಲುವುದರಲ್ಲೇ ಅದರ ಬೆದರಿಕೆ ಇದೆ. ಇದನ್ನು ‘ಬೇರೊಬ್ಬ ತಂತ್ರಜ್ಞರನ್ನು ಕಳುಹಿಸಬೇಕು’ ಎಂದು ತಿದ್ದಿದರೆ ಇನ್ನೊಂದು ಬಗೆಯ ದೋಷವಾಗುತ್ತದೆ. ಬೇಡವೆಂದದ್ದನ್ನು ಬೇಕೆಂದಂತೆ ಆಗಿ, ಮೂರನೆಯ ದುರಸ್ತಿಗೆ ಗ್ರಾಹಕರೇ ಆಹ್ವಾನ ಕೊಟ್ಟಂತಾಗುತ್ತದೆ. ಬೇಡಿಕೆಯನ್ನು ಕಳೆಯುವುದು ಎಷ್ಟು ತಪ್ಪೋ ಹೊಸದನ್ನು ಸೇರಿಸುವುದೂ ಅಷ್ಟೇ ತಪ್ಪು.

7. ಪರಿಷ್ಕೃತ ಪತ್ರ

ಮೇಲಿನ ನಿರ್ಣಯಗಳನ್ನು ಅನುಸರಿಸಿದ ಪತ್ರ ಇದು. ದಿನಾಂಕಗಳು ಮೂಲದಲ್ಲಿ ಇಲ್ಲ. ಅವನ್ನು ಬಿಲ್ಲು ಮತ್ತು ಸೇವಾ ರಸೀದಿಗಳಿಂದ, ಪತ್ರ ಬರೆದವರನ್ನು ಕೇಳಿಯೇ ತುಂಬಬೇಕು.

‘ಮಾನ್ಯರೇ,

ನಿಮ್ಮ ಸಂಸ್ಥೆಯಿಂದ 28,500 ರೂಪಾಯಿಗೆ ಖರೀದಿಸಿದ ಫ್ರಿಜ್ಜನ್ನು ಫೆಬ್ರವರಿ 12ರಂದು ನಮ್ಮ ಮನೆಯಲ್ಲಿ ಅಳವಡಿಸಲಾಯಿತು. ಅಂದಿನಿಂದ ಒಂದು ದಿನವೂ ಅದು ಸರಿಯಾಗಿ ತಣ್ಣಗಾಗಿಲ್ಲ. ಫೆಬ್ರವರಿ 19 ಮತ್ತು 26ರಂದು ನಿಮ್ಮ ತಂತ್ರಜ್ಞರೊಬ್ಬರೇ ಎರಡೂ ಬಾರಿ ಬಂದು ನೋಡಿದರೂ ದೋಷ ಸರಿಹೋಗಿಲ್ಲ. ಫೋನಿನಲ್ಲಿ ವಿಚಾರಿಸಿದಾಗ ಒಂದೊಂದು ಬಾರಿ ಒಂದೊಂದು ಉತ್ತರ ನೀಡಲಾಗಿದೆ. ಆದ್ದರಿಂದ 2024ರ ಮಾರ್ಚ್ 9ರ ಶನಿವಾರದೊಳಗೆ ಈ ಕೆಳಗಿನವುಗಳನ್ನು ನೆರವೇರಿಸಿಕೊಡಬೇಕೆಂದು ಕೋರುತ್ತೇನೆ.

1. ನಿಮ್ಮ ಸಂಸ್ಥೆಯು ಈ ಫ್ರಿಜ್ಜನ್ನು ಹೊಸದರೊಂದಿಗೆ ಬದಲಾಯಿಸಿಕೊಡಬೇಕು. ಅದು ಆಗದಿದ್ದಲ್ಲಿ 28,500 ರೂಪಾಯಿಯನ್ನು ಪೂರ್ತಿಯಾಗಿ ನನಗೆ ಮರಳಿಸಬೇಕು.
2. ಈಗಿರುವ ಫ್ರಿಜ್ಜನ್ನು ನಮ್ಮ ಮನೆಯಿಂದ ನಿಮ್ಮ ಸಂಸ್ಥೆಯೇ ಸಾಗಿಸಿಕೊಳ್ಳಬೇಕು.
3. ವಾರಂಟಿ ಅವಧಿಯಲ್ಲಿ ಪಡೆಯಬಾರದಾಗಿದ್ದ 850 ರೂಪಾಯಿ ಶುಲ್ಕವನ್ನು ನಿಮ್ಮ ಸಂಸ್ಥೆಯು ನನಗೆ ಹಿಂದಿರುಗಿಸಬೇಕು.
4. ಈ ದೂರಿಗೆ ಹೊಣೆಯಾದ ಒಬ್ಬ ಅಧಿಕಾರಿಯನ್ನು ನೀವು ಗೊತ್ತುಪಡಿಸಿ, ಅವರ ಹೆಸರು ಮತ್ತು ಫೋನ್ ಸಂಖ್ಯೆಯನ್ನು ತಿಳಿಸಬೇಕು.
5. ಇನ್ನು ಮುಂದೆ ಯಾವ ಕಾರಣಕ್ಕಾದರೂ ನಿಮ್ಮವರು ಮನೆಗೆ ಬರಬೇಕಾದಲ್ಲಿ, ಈ ಹಿಂದೆ ಬಂದಿದ್ದ ತಂತ್ರಜ್ಞರನ್ನು ನೀವು ಕಳುಹಿಸಬಾರದು.

ಆ ದಿನಾಂಕದೊಳಗೆ ಇವು ನೆರವೇರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯಿದೆ, 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬೇಕಾಗುತ್ತದೆ. ಈ ಪತ್ರ ತಲುಪಿದ್ದನ್ನು ದಯವಿಟ್ಟು ತಿಳಿಸಿ.

ಇತಿ, ವಿಶ್ವಾಸದೊಂದಿಗೆ’

ಐದನೆಯ ಬೇಡಿಕೆಯಾದ ಗಡುವು ಇಲ್ಲಿ ಪಟ್ಟಿಯ ತಲೆಯಲ್ಲಿದೆ, ಎಲ್ಲ ಅಂಶಗಳಿಗೂ ಅನ್ವಯಿಸುತ್ತದೆ. ನಾಲ್ಕನೆಯ ಅಂಶದಲ್ಲಿ ‘ಹೆಸರು ಮತ್ತು ಫೋನ್ ಸಂಖ್ಯೆ’ ಎಂದಿರುವುದು ಹೊಸ ಬೇಡಿಕೆಯಲ್ಲ. ಗೊತ್ತುಪಡಿಸಿದವರು ಯಾರೆಂದು ತಿಳಿಸದಿದ್ದರೆ ಗೊತ್ತುಪಡಿಸಿದ್ದರಿಂದ ಗ್ರಾಹಕರಿಗೆ ಪ್ರಯೋಜನವಿಲ್ಲ. ತಿದ್ದುಪಡಿ ಸರಿಯಾಗಿದೆಯೇ ಎಂದು ತಿಳಿಯಲು ಮೂಲವನ್ನು ನೋಡದ ಒಬ್ಬರಿಗೆ ಪರಿಷ್ಕೃತ ಪತ್ರವನ್ನು ಕೊಟ್ಟು, ಯಾರು, ಏನನ್ನು, ಯಾರಿಗೆ, ಯಾವಾಗ ಮಾಡಬೇಕೆಂದು ಅದು ಕೇಳುತ್ತದೆ ಎಂಬುದನ್ನು ಪಟ್ಟಿ ಮಾಡಿಸಬೇಕು. ಮೂಲದಿಂದ ಮೊದಲೇ ತೆಗೆದಿಟ್ಟ ಪಟ್ಟಿಗೂ ಇದಕ್ಕೂ ವ್ಯತ್ಯಾಸ ಇರಬಾರದು. ತಿದ್ದಿದವರೇ ಈ ಪರೀಕ್ಷೆ ಮಾಡಿದರೆ ಪ್ರಯೋಜನವಿಲ್ಲ, ಮೂಲದ ನೆನಪು ಅವರ ಓದಿನಲ್ಲಿ ಬಿಟ್ಟುಹೋದದ್ದನ್ನು ತುಂಬಿಬಿಡುತ್ತದೆ.

8. ಈ ಕ್ರಮದ ಮಿತಿ

ಮೇಲೆ ಹೇಳಿದ ಮೆಟ್ಟಿಲುಗಳು ಬರಹದ ಕನ್ನಡಕ್ಕೆ ಸಂಬಂಧಿಸಿದವು. ಧಾರವಾಡದ ಕಡೆಯ ಆಡುಮಾತಿನಲ್ಲಿ ‘-ರಿ’ ಸೇರಿದ ‘ಕೊಡ್ರಿ’ ಎಂಬ ವಿಧ್ಯರ್ಥ ತಾನೇ ಗೌರವವನ್ನು ಹೊತ್ತಿರುತ್ತದೆ. ಅಲ್ಲಿನ ಮಾತಿಗೆ ‘ಬೇಕು’ವಿನ ಆಶ್ರಯ ಅಷ್ಟಾಗಿ ಬೇಕಿಲ್ಲದಿರಬಹುದು.

ಇದಕ್ಕಿಂತ ಮೂಲಭೂತವಾದ ಮಿತಿಯೊಂದಿದೆ. ಇಲ್ಲಿನ ಆರೂ ಬೇಡಿಕೆಗಳು ಹಣ, ವಸ್ತು, ವ್ಯಕ್ತಿ, ಕಾಲಗಳಿಗೆ ಸಂಬಂಧಿಸಿದವು, ಆದ್ದರಿಂದಲೇ ಅವನ್ನು ಕೋಪದಿಂದ ಬಿಡಿಸಲು ಸಾಧ್ಯವಾಯಿತು. ‘ಕ್ಷಮೆ ಕೇಳಿ’ ಎಂಬ ಬೇಡಿಕೆ ಹಾಗಲ್ಲ. ಅದು ಕೇಳುವುದೇ ಎದುರಿನವರು ತಮ್ಮ ಮುಖವನ್ನು ತಾವಾಗಿ ತಗ್ಗಿಸಬೇಕೆಂದು. ಅದನ್ನು ಮುಖಭಂಗವಿಲ್ಲದಂತೆ ತಿದ್ದಲು ಹೊರಟರೆ ಬೇಡಿಕೆಯ ತಿರುಳೇ ಕರಗುತ್ತದೆ. ಅಂಥ ಪತ್ರದಲ್ಲಿ ಪರಿಷ್ಕರಣಕಾರನಿಗೆ ಉಳಿಯುವ ದಾರಿ ಒಂದೇ: ಸುತ್ತಲಿನ ವಾಕ್ಯಗಳನ್ನು ತಣಿಸಿ, ಆ ಒಂದು ವಾಕ್ಯವನ್ನು ‘ನಿಮ್ಮ ಸಂಸ್ಥೆಯು ಲಿಖಿತವಾಗಿ ಕ್ಷಮೆ ಕೇಳಬೇಕು’ ಎಂದು ಇದ್ದಂತೆಯೇ ಬಿಡುವುದು.